ಒಂದು ಗಂಟೆಯ ಅತಿಥಿ, ನೂರೈವತ್ತು ವಿದ್ಯಾರ್ಥಿಗಳು: ಮೊದಲ ನಿಮಿಷವನ್ನು ಹೇಗೆ ಕಟ್ಟಬೇಕು

ಪದವಿ ಕಾಲೇಜಿನ ವಿಶೇಷ ಉಪನ್ಯಾಸ ಹೇಗಿರುತ್ತದೆ ಅನ್ನುವುದು ನಮ್ಮಲ್ಲಿ ಓದಿದ ಎಲ್ಲರಿಗೂ ಗೊತ್ತು. ಊಟದ ನಂತರದ ಪಿರಿಯಡ್. ಎರಡು ಮೂರು ಸೆಕ್ಷನ್ ಸೇರಿಸಿ ಸೆಮಿನಾರ್ ಹಾಲ್‌ನಲ್ಲಿ ಕೂರಿಸಿರುತ್ತಾರೆ. ಪ್ರಾರ್ಥನೆ ಆಗುತ್ತದೆ, ಸ್ವಾಗತ ಆಗುತ್ತದೆ, ಹೂಗುಚ್ಛ ಕೊಡುತ್ತಾರೆ, ಒಬ್ಬರು ಅತಿಥಿಯ ಬಯೋಡೇಟಾ ಓದುತ್ತಾರೆ, ಪ್ರಾಸ್ತಾವಿಕ ನುಡಿ ಮುಗಿಯುತ್ತದೆ. ಮೈಕ್ ಅತಿಥಿಯ ಕೈಗೆ ಬರುವ ಹೊತ್ತಿಗೆ ಹಿಂದಿನ ಬೆಂಚುಗಳು ಆಗಲೇ ಕೇಳುವುದನ್ನು ಬಿಟ್ಟಿರುತ್ತವೆ.

ನಾನು ಕಾಮರ್ಸ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಇಂಥ ಉಪನ್ಯಾಸಗಳನ್ನು ಏರ್ಪಡಿಸುವ ಕೆಲಸ ಹಲವು ವರ್ಷಗಳಿಂದ ನನ್ನದು. ಅತಿಥಿ ಮಾತಾಡುವಾಗ ನಾನು ಹಾಲ್‌ನ ಹಿಂಭಾಗದಲ್ಲಿ ನಿಂತಿರುತ್ತೇನೆ. ವೇದಿಕೆಯಿಂದ ಕಾಣದ್ದು ಅಲ್ಲಿಂದ ಕಾಣುತ್ತದೆ. ಯಾವ ವಾಕ್ಯಕ್ಕೆ ಮೊಬೈಲ್ ಕೆಳಗಿಳಿಯಿತು, ಯಾವ ವಾಕ್ಯಕ್ಕೆ ಮತ್ತೆ ಮೇಲೆ ಬಂತು ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ನಿಂತು ನೋಡಿ ನನಗೆ ಖಚಿತವಾದ ಮಾತು ಒಂದೇ: ಮೊದಲ ನಿಮಿಷದಲ್ಲಿ ನಿಮ್ಮ ಬಗ್ಗೆ ಹೇಳಬೇಡಿ, ವಿದ್ಯಾರ್ಥಿಗಳು ಊಹಿಸಲೇಬೇಕಾದ ಒಂದು ಪ್ರಶ್ನೆ ಕೇಳಿ. ನಿಮ್ಮ ಪರಿಚಯ ಆ ಪ್ರಶ್ನೆಯ ಹಿಂದೆ ಬರಲಿ.

ಇದು ಒಂದು ಗಂಟೆಗೆ ಬಂದು ಹೋಗುವ ಅತಿಥಿಗಾಗಿ ಬರೆದದ್ದು. ಸರ್ಕಾರಿ ಕಾಲೇಜುಗಳಲ್ಲಿ ವರ್ಷಪೂರ್ತಿ ಪಾಠ ಹೊತ್ತು ನಡೆಸುವ ಅತಿಥಿ ಉಪನ್ಯಾಸಕರ ಪರಿಸ್ಥಿತಿ ಬೇರೆ. ಅವರಿಗೆ ನಾಳೆಯ ಕ್ಲಾಸ್ ಇದೆ. ನಿಮಗೆ ಇಲ್ಲ.

ಮೊದಲ ಹೆಜ್ಜೆ: ಕರೆದವರಿಗೆ ಫೋನ್ ಮಾಡಿ ಕೇಳಬೇಕಾದ್ದು

ಒಪ್ಪಿಕೊಂಡ ದಿನವೇ ಸಂಯೋಜಕರನ್ನು ಕೆಲವು ವಿಷಯ ಕೇಳಿ. ಬರುವವರು ಯಾವ ಕೋರ್ಸ್, ಯಾವ ಸೆಮಿಸ್ಟರ್? ಈ ವಿಷಯದಲ್ಲಿ ಅವರಿಗೆ ಈಗಾಗಲೇ ಏನು ಪಾಠ ಆಗಿದೆ? ಅವರು ಕನ್ನಡ ಮಾಧ್ಯಮದಿಂದ ಬಂದವರೇ ಜಾಸ್ತಿಯಾ? ಊರ ಕಡೆ ಹೋಗುವ ಬಸ್ ಎಷ್ಟು ಹೊತ್ತಿಗೆ?

ಬಸ್ಸಿನ ಪ್ರಶ್ನೆ ಸಣ್ಣದಾಗಿ ಕಾಣಬಹುದು. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಅದು ಸಣ್ಣದಲ್ಲ. ನಾಲ್ಕು ಗಂಟೆಯ ಬಸ್ ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ ಅನ್ನುವ ಹುಡುಗಿಯರು ಹಾಲ್‌ನಲ್ಲಿ ಇರುತ್ತಾರೆ. ಮೂರೂವರೆ ದಾಟಿದ ಮೇಲೆ ಅವರ ಮನಸ್ಸು ನಿಮ್ಮ ಮಾತಿನಲ್ಲಿ ಇರುವುದಿಲ್ಲ, ಅದು ನ್ಯಾಯವೂ ಹೌದು. ಎಷ್ಟು ಹೊತ್ತಿಗೆ ಬಿಡುತ್ತೀರಿ ಅನ್ನುವುದನ್ನು ಮೊದಲ ನಿಮಿಷದಲ್ಲೇ ಹೇಳಿಬಿಟ್ಟರೆ ಆ ಚಿಂತೆ ತೀರುತ್ತದೆ.

ಎರಡನೇ ಹೆಜ್ಜೆ: ನಿಮ್ಮ ಪರಿಚಯವನ್ನು ನೀವೇ ಬರೆದು ಕೊಡಿ

ಕಾಲೇಜಿನವರು ಬಯೋಡೇಟಾ ಕೇಳುತ್ತಾರೆ. ನೀವು ಎರಡು ಪುಟ ಕಳಿಸುತ್ತೀರಿ. ಪರಿಚಯ ಮಾಡುವವರು ಗೌರವದಿಂದ ಎರಡೂ ಪುಟ ಓದುತ್ತಾರೆ. ಯಾವ ವರ್ಷ ಯಾವ ಪದವಿ, ಎಷ್ಟು ಪ್ರಬಂಧ, ಯಾವ ಸಮಿತಿಯ ಸದಸ್ಯರು ಅಂತ ಎಲ್ಲವೂ ಬರುತ್ತದೆ. ಹತ್ತೊಂಬತ್ತು ವರ್ಷದ ಹುಡುಗನಿಗೆ ಅದರಲ್ಲಿ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ನೀವು ಬಾಯಿ ತೆರೆಯುವ ಮೊದಲೇ ಅವನು ಕೈಬಿಟ್ಟಿರುತ್ತಾನೆ.

ಬಯೋಡೇಟಾ ಕಾಲೇಜಿನ ಫೈಲಿಗೆ ಬೇಕು, ಕಳಿಸಿ. ಅದರ ಜೊತೆಗೆ ಮೂರೇ ವಾಕ್ಯದ ಒಂದು ಚೀಟಿಯನ್ನೂ ಕಳಿಸಿ, 'ವೇದಿಕೆಯಲ್ಲಿ ದಯವಿಟ್ಟು ಇಷ್ಟನ್ನು ಮಾತ್ರ ಓದಿ' ಅಂತ ಮೇಲೆ ಬರೆಯಿರಿ. ಮೊದಲ ವಾಕ್ಯದಲ್ಲಿ ನಿಮ್ಮ ಹೆಸರು ಮತ್ತು ಈಗ ಮಾಡುವ ಕೆಲಸ. ಎರಡನೆಯದರಲ್ಲಿ ಇವತ್ತಿನ ವಿಷಯ ನಿಮಗೆ ಹೇಗೆ ಗೊತ್ತು ಅನ್ನುವುದು. ಮೂರನೆಯದರಲ್ಲಿ ಈ ಊರಿಗೋ ಈ ಕಾಲೇಜಿಗೋ ನಿಮಗೆ ನಿಜವಾದ ನಂಟಿದ್ದರೆ ಅದು. ಇಲ್ಲದಿದ್ದರೆ ಮೂರನೇ ವಾಕ್ಯ ಬೇಡ. ಚೀಟಿಯ ಒಂದು ಪ್ರತಿಯನ್ನು ಆ ದಿನ ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಪರಿಚಯ ಮಾಡುವವರ ಕೈಗೇ ಕೊಡಿ. ವಾಟ್ಸಾಪ್‌ನಲ್ಲಿ ಕಳಿಸಿದ್ದು ಅವರವರೆಗೆ ತಲುಪಿರುವುದಿಲ್ಲ. ಇದನ್ನು ಬಹಳ ಸಲ ಕಂಡಿದ್ದೇನೆ.

ಬೇರೆಯವರು ಹೆಸರು ಹೇಳಿ ಆಗಿದೆ ಅಂದ ಮೇಲೆ ನಿಮ್ಮ ಮೊದಲ ವಾಕ್ಯ 'ನನ್ನ ಹೆಸರು...' ಅಂತ ಶುರುವಾಗಬೇಕಾಗಿಲ್ಲ.

ಮೂರನೇ ಹೆಜ್ಜೆ: ಒಂದು ಪ್ರಶ್ನೆ ಹುಡುಕುವುದು

ಹೆಚ್ಚು ಸಮಯ ಕೊಡಬೇಕಾದ್ದು ಇದಕ್ಕೆ. ಯಾವ ಪ್ರಶ್ನೆಯಾದರೂ ಆಗುವುದಿಲ್ಲ. 'ನಿಮ್ಮಲ್ಲಿ ಎಷ್ಟು ಜನಕ್ಕೆ ಹಣಕಾಸಿನ ಅರಿವು ಮುಖ್ಯ ಅನ್ನಿಸುತ್ತದೆ?' ಅಂದರೆ ಎಲ್ಲರೂ ಸುಮ್ನೆ ಕೈ ಎತ್ತುತ್ತಾರೆ, ಅಷ್ಟೇ. 'ಹಣದುಬ್ಬರ ಅಂದರೆ ಏನು, ಯಾರು ಹೇಳ್ತೀರಿ?' ಅಂದರೆ ಮುಂದಿನ ಬೆಂಚಿನ ಇಬ್ಬರನ್ನು ಬಿಟ್ಟು ಎಲ್ಲರೂ ತಲೆ ತಗ್ಗಿಸುತ್ತಾರೆ. ಮೊದಲನೆಯದಕ್ಕೆ ಯೋಚನೆ ಬೇಕಿಲ್ಲ. ಎರಡನೆಯದು ಪರೀಕ್ಷೆಯಂತೆ ಕೇಳಿಸುತ್ತದೆ.

ಒಳ್ಳೆಯ ಪ್ರಶ್ನೆಯನ್ನು ಪಾಠ ಗೊತ್ತಿಲ್ಲದವರೂ ಊಹಿಸಬಹುದು. ಅದಕ್ಕೆ ಹಾಲ್‌ನಲ್ಲಿ ಎಲ್ಲರೂ ಒಂದೇ ಉತ್ತರ ಕೊಡಬಾರದು. ಅದರ ನಿಜವಾದ ಉತ್ತರವೇ ನಿಮ್ಮ ಉಪನ್ಯಾಸದ ತಿರುಳಾಗಿರಬೇಕು. ಈ ಕೊನೆಯದನ್ನು ಹಲವರು ಮರೆಯುತ್ತಾರೆ. ಎಲ್ಲಿಂದಲೋ ತಂದ ಒಗಟೊಂದನ್ನು ಕೇಳಿ, ಚಪ್ಪಾಳೆ ಗಿಟ್ಟಿಸಿ, ಆಮೇಲೆ 'ಸರಿ, ಈಗ ವಿಷಯಕ್ಕೆ ಬರೋಣ' ಅನ್ನುತ್ತಾರೆ. ಆ ಮಾತು ಕೇಳಿದ ಕೂಡಲೇ ಹಾಲ್ ಮತ್ತೆ ಕೈತಪ್ಪುತ್ತದೆ.

ಒಂದು ನಿಜವಾದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಬಿ.ಕಾಂ ಮೂರನೇ ಸೆಮಿಸ್ಟರ್. ಅತಿಥಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವರು. ವಿಷಯ 'ಸಾಲದ ನಿಜವಾದ ಬೆಲೆ'. ಈ ವಯಸ್ಸಿನವರು ಯೋಚಿಸುವ ಮೊದಲ ದೊಡ್ಡ ಸಾಲ ಬೈಕಿನದು. ಅದಕ್ಕೆ ಲೆಕ್ಕ ಹೀಗೆ: 1,00,000 ರೂಪಾಯಿ ಸಾಲ, 3 ವರ್ಷ, ಫ್ಲಾಟ್ ಬಡ್ಡಿ 10%. ಫ್ಲಾಟ್ ಅಂದರೆ ಮೂರೂ ವರ್ಷ ಪೂರ್ತಿ ಲಕ್ಷದ ಮೇಲೇ ಬಡ್ಡಿ. ವರ್ಷಕ್ಕೆ 10,000ದಂತೆ 30,000 ಬಡ್ಡಿ ಆಯಿತು. ಅಸಲು ಸೇರಿ 1,30,000. ಅದನ್ನು 36 ತಿಂಗಳಿಗೆ ಹಂಚಿದರೆ ಕಂತು 3,611 ರೂಪಾಯಿ.

ಆದರೆ ಸಾಲಗಾರ ಪ್ರತಿ ತಿಂಗಳೂ ಅಸಲನ್ನು ತೀರಿಸುತ್ತಾ ಬರುತ್ತಾನೆ, ಅಲ್ವಾ? ಅವನ ಕೈಯಲ್ಲಿ ಉಳಿದಿರುವ ಹಣದ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಹತ್ತಿರ ಹತ್ತಿರ 18% ಆಗುತ್ತದೆ. ಮನೆಯಲ್ಲೇ ನೋಡಿಕೊಳ್ಳಿ. ಎಕ್ಸೆಲ್‌ನಲ್ಲಾಗಲಿ ಮೊಬೈಲಿನ ಶೀಟ್ಸ್‌ನಲ್ಲಾಗಲಿ ಇದನ್ನು ಬರೆದರೆ 0.179 ಆಸುಪಾಸು ಬರುತ್ತದೆ:

```
=RATE(36,-3611,100000)*12
```

ಇಷ್ಟೇ ಸಾಲ ನಿಜವಾಗಿ 10%ಗೆ, ಅಂದರೆ ಉಳಿದ ಅಸಲಿನ ಮೇಲಷ್ಟೇ ಬಡ್ಡಿ ಬೀಳುವಂತೆ ಸಿಕ್ಕಿದ್ದರೆ ಕಂತು 3,227 ರೂಪಾಯಿ. ಒಟ್ಟು ಬಡ್ಡಿ ಸುಮಾರು 16,000. ಮೂವತ್ತಕ್ಕೂ ಹದಿನಾರಕ್ಕೂ ಇರುವ ಅಂತರ ಕಾಮರ್ಸ್ ವಿದ್ಯಾರ್ಥಿಯನ್ನು ಎಚ್ಚರಿಸಲು ಸಾಕು.

ಈಗ ಪ್ರಶ್ನೆಗೆ ಆಯ್ಕೆಗಳು. 10, 14, 18 ಅಂತ ಕೊಟ್ಟರೆ ಒಂದು ತೊಂದರೆ ಇದೆ. ಇದರಲ್ಲಿ ಏನೋ ಮರ್ಮ ಇರಬೇಕು ಅಂದುಕೊಳ್ಳುವವರೆಲ್ಲ ಕೊನೆಯ ದೊಡ್ಡ ಅಂಕಿಗೇ ಹೋಗುತ್ತಾರೆ, ಯೋಚಿಸದೆ ಸರಿ ಉತ್ತರ ಮುಟ್ಟುತ್ತಾರೆ. ಅದಕ್ಕೆ 10, 18, 24 ಅಂತ ಕೊಡಿ. ಆಗ ಮಾತನ್ನು ನಂಬುವವರು 10 ಅನ್ನುತ್ತಾರೆ, ಅನುಮಾನ ಇರುವವರು ಉಳಿದ ಎರಡರ ನಡುವೆ ಒಡೆಯುತ್ತಾರೆ. ಆಯ್ಕೆ ಮೂರಕ್ಕಿಂತ ಜಾಸ್ತಿ ಬೇಡ. ಕೈ ಎಣಿಸುವುದರಲ್ಲೇ ನಿಮಿಷ ಮುಗಿದುಹೋಗುತ್ತದೆ.

ನಿಮ್ಮ ವಿಷಯ ಬೇರೆಯಾದರೂ ದಾರಿ ಇದೇ. ನೀವು ನೀರಾವರಿ ಇಂಜಿನಿಯರ್, ಮುಂದೆ ಬಿ.ಎಸ್ಸಿ ವಿದ್ಯಾರ್ಥಿಗಳು ಅಂದುಕೊಳ್ಳಿ. 30x40 ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ಲೀಟರ್ ನೀರು? 200, 2,000, 20,000? ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ಆ ತಾರಸಿ ಸುಮಾರು 111 ಚದರ ಮೀಟರ್. ಹಾಗಾಗಿ ಉತ್ತರ 2,200ರ ಹತ್ತಿರ. ಮಳೆನೀರು ಸಂಗ್ರಹದ ಇಡೀ ಉಪನ್ಯಾಸ ಆ ಅಂಕಿಯಿಂದಲೇ ಬೆಳೆಯುತ್ತದೆ.

ನಾಲ್ಕನೇ ಹೆಜ್ಜೆ: ಹಾಲ್‌ಗೆ ಮೊದಲೇ ಹೋಗಿ

ಕಾರ್ಯಕ್ರಮಕ್ಕೆ ಹದಿನೈದು ನಿಮಿಷ ಮೊದಲು ಹಾಲ್ ಒಳಗೆ ಇರಿ. ಪ್ರಾಂಶುಪಾಲರ ಕೊಠಡಿಯಲ್ಲಿ ಕಾಫಿ ಕುಡಿಯುತ್ತಾ ಕೂತರೆ ಈ ಹದಿನೈದು ನಿಮಿಷ ಸಿಗುವುದಿಲ್ಲ. 'ಒಂದು ಸಲ ಮೈಕ್ ನೋಡಿ ಬರ್ತೀನಿ ಸರ್' ಅಂತ ಎದ್ದು ಹೋಗಿ.

ಮೈಕ್ ಹಿಡಿದು ಹೇಳಬೇಕಾದ ಮೊದಲ ವಾಕ್ಯವನ್ನು ಒಂದು ಸಲ ಹೇಳಿ, ಕೊನೆಯ ಬೆಂಚಿನಲ್ಲಿ ಕೂತ ಯಾರಿಗಾದರೂ ಕೇಳಿಸಿತಾ ನೋಡಿ. ಫ್ಯಾನುಗಳು ಪೂರ್ತಿ ಓಡುತ್ತಿರುವಾಗಲೇ ನೋಡಬೇಕು. ಕೈಯಲ್ಲಿ ಹಿಡಿಯುವ ಮೈಕ್ ಆದರೆ ಬಾಯಿಯಿಂದ ಎರಡು ಮೂರು ಬೆರಳಿನ ಅಂತರದಲ್ಲಿ, ಬಾಯಿಯ ಕಡೆಗೇ ತಿರುಗಿರಲಿ. ಹೆಚ್ಚಿನವರು ಎದೆಯ ಮಟ್ಟದಲ್ಲಿ ಹಿಡಿಯುತ್ತಾರೆ. ಆಗ ಆಪರೇಟರ್ ವಾಲ್ಯೂಮ್ ಏರಿಸುತ್ತಾರೆ, ಮೈಕ್ ಕುಂಯ್ ಅಂತ ಕೂಗುತ್ತದೆ, ಇಡೀ ಹಾಲ್ ನಗುತ್ತದೆ. ಸ್ಪೀಕರ್ ಪೆಟ್ಟಿಗೆಯ ಮುಂದೆ ನಿಂತರೂ ಹಾಗೇ ಆಗುತ್ತದೆ. ಪೆಟ್ಟಿಗೆಗಳು ಎಲ್ಲಿವೆ ಅಂತ ಗುರುತಿಟ್ಟುಕೊಂಡು ಅವುಗಳ ಹಿಂದೆಯೇ ನಿಲ್ಲಿ.

ಫೋಟೋ ತೆಗೆಯುವವರಿಗೂ ಒಂದು ಮಾತು ಹೇಳಿಡಿ. ನ್ಯಾಕ್ ವರದಿಗೆ, ಕಾಲೇಜಿನ ದಾಖಲೆಗೆ ಫೋಟೋ ಬೇಕೇ ಬೇಕು. ಆದರೆ ಅವರು ನಿಮ್ಮ ಮೊದಲ ವಾಕ್ಯದ ಹೊತ್ತಿಗೇ ವೇದಿಕೆಯ ಮುಂದೆ ಬಂದು ನಿಲ್ಲುತ್ತಾರೆ, ವಿದ್ಯಾರ್ಥಿಗಳ ಕಣ್ಣೆಲ್ಲ ಅಲ್ಲಿಗೆ ಹೋಗುತ್ತದೆ. 'ಐದು ನಿಮಿಷ ಬಿಟ್ಟು ತೆಗೀರಿ, ಆಗ ನಾನು ಬೋರ್ಡ್ ಹತ್ತಿರ ಇರ್ತೀನಿ, ಫೋಟೋನೂ ಚೆನ್ನಾಗಿ ಬರುತ್ತೆ' ಅಂದರೆ ಸಂತೋಷವಾಗಿ ಒಪ್ಪುತ್ತಾರೆ.

ಉಳಿದ ಹೊತ್ತಿನಲ್ಲಿ ಹಿಂದಿನ ಬೆಂಚಿನ ಇಬ್ಬರು ಮೂವರ ಹತ್ತಿರ ಹೋಗಿ ಮಾತಾಡಿ. ಯಾವ ಊರು, ಕಾಲೇಜಿಗೆ ಹೇಗೆ ಬರುತ್ತೀರಿ, ಮನೆಯಲ್ಲಿ ಬೈಕ್ ಇದೆಯಾ ಅಂತ ಕೇಳಿ. ಆಮೇಲೆ ಪ್ರಶ್ನೆ ಕೇಳುವಾಗ ಆ ಕಡೆ ನೋಡಿದರೆ ನಿಮಗೆ ಗೊತ್ತಿರುವ ಮುಖಗಳು ಅಲ್ಲಿರುತ್ತವೆ. ಅವರೂ ಕೈ ಎತ್ತುತ್ತಾರೆ.

ಐದನೇ ಹೆಜ್ಜೆ: ಆ ಒಂದು ನಿಮಿಷ

ಎದ್ದು ನಿಂತಾಗ ಸಭಾ ಮರ್ಯಾದೆ ಇದ್ದೇ ಇದೆ. ವೇದಿಕೆಯ ಮೇಲಿರುವ ಒಬ್ಬೊಬ್ಬರ ಹೆಸರನ್ನೂ ಹುದ್ದೆಯನ್ನೂ ಹೇಳುತ್ತಾ ಹೋದರೆ ಅರ್ಧ ನಿಮಿಷ ಅದಕ್ಕೇ ಬೇಕು. ಹೇಳದೇ ಇದ್ದರೆ ಕರೆದವರಿಗೆ ಬೇಸರ. ನಾನು ಅತಿಥಿಗಳಿಗೆ ಹೇಳುವುದು ಇಷ್ಟು: 'ಪ್ರಾಂಶುಪಾಲರಿಗೆ, ಎಲ್ಲ ಅಧ್ಯಾಪಕರಿಗೆ, ನಿಮ್ಮೆಲ್ಲರಿಗೆ ನಮಸ್ಕಾರ.' ಹಿರಿಯರ ಕಡೆ ತಿರುಗಿ ಕೈ ಮುಗಿದು ಹೇಳಿ, ಅಲ್ಲಿಗೆ ನಿಲ್ಲಿಸಿ. ಕರೆದದ್ದಕ್ಕೆ ಕೃತಜ್ಞತೆಯನ್ನು ಕೊನೆಯಲ್ಲಿ ಹೆಸರು ಹಿಡಿದು ಹೇಳಬಹುದು. ಆಗ ಅದಕ್ಕೆ ತೂಕವೂ ಜಾಸ್ತಿ.

ನಮಸ್ಕಾರ ಆದ ಮೇಲೆ ಪೋಡಿಯಂ ಬಿಟ್ಟು ಎರಡು ಹೆಜ್ಜೆ ಮುಂದೆ ಬನ್ನಿ. ಮನಸ್ಸಿನಲ್ಲಿ ಐದು ಎಣಿಸುವವರೆಗೆ ಮಾತಾಡಬೇಡಿ. ಎಡಗಡೆ, ಬಲಗಡೆ, ಹಿಂದಿನ ಸಾಲು ನೋಡಿ. ಐದು ಸೆಕೆಂಡ್ ನಿಮಗೆ ಬಹಳ ಉದ್ದ ಅನ್ನಿಸುತ್ತದೆ, ಅವರಿಗೆ ಅನ್ನಿಸುವುದಿಲ್ಲ. ಆಮೇಲೆ ಹೀಗೆ ಶುರು ಮಾಡಬಹುದು:

"ನಿಮ್ಮಲ್ಲಿ ಒಬ್ಬರು ಬೈಕ್ ತಗೊಳ್ಳೋಕೆ ಶೋರೂಮಿಗೆ ಹೋಗಿದೀರಿ. ಕೈಯಲ್ಲಿದ್ದ ದುಡ್ಡು ಕಟ್ಟಿ ಆಯ್ತು. ಇನ್ನೂ 1 ಲಕ್ಷ ಸಾಲ ಬೇಕು. ಅಲ್ಲಿ ಕೂತವರು ಹೇಳ್ತಾರೆ: ಬಡ್ಡಿ ಬರೀ 10 ಪರ್ಸೆಂಟ್ ಫ್ಲಾಟ್, 3 ವರ್ಷ, ತಿಂಗಳಿಗೆ 3,611 ರೂಪಾಯಿ. ನನ್ನ ಪ್ರಶ್ನೆ ಒಂದೇ. ನೀವು ನಿಜವಾಗಿ ಕಟ್ಟೋ ಬಡ್ಡಿ ವರ್ಷಕ್ಕೆ ಎಷ್ಟು ಪರ್ಸೆಂಟ್? 10, 18, 24. ಮನಸ್ಸಲ್ಲೇ ಒಂದು ಆರಿಸ್ಕೊಳ್ಳಿ."

ಇಲ್ಲಿ ಮೂರು ಎಣಿಸಿ.

"10 ಅನ್ನೋರು ಕೈ ಎತ್ತಿ. ಸರಿ. 18? 24? ಮೂರಕ್ಕೂ ಕೈ ಬಂತು. ನಾನು ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ಇಂಥ ಸಾಲದ ಅರ್ಜಿಗಳನ್ನೇ ನೋಡಿದವಳು. ಇನ್ನು ಹತ್ತು ನಿಮಿಷದಲ್ಲಿ ಉತ್ತರವನ್ನ ನೀವೇ ಲೆಕ್ಕ ಹಾಕಿ ಹೇಳ್ತೀರಿ. ಮೂರೂವರೆಗೆ ಸರಿಯಾಗಿ ಬಿಡ್ತೀನಿ."

ಅಂಕಿಗಳನ್ನು ಹೇಳುವಾಗಲೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯಿರಿ: 1,00,000. 10%. 36. 3,611. ಕೇಳಿದ ಅಂಕಿ ನೆನಪಿನಲ್ಲಿ ನಿಲ್ಲುವುದಿಲ್ಲ. ತಡವಾಗಿ ಒಳಗೆ ಬಂದವರಿಗೂ ಬೋರ್ಡ್ ನೋಡಿದರೆ ವಿಷಯ ತಿಳಿಯುತ್ತದೆ.

ಈ ಮಾತಿನಲ್ಲಿ ಅತಿಥಿಯ ಪರಿಚಯಕ್ಕೆ ಸಿಕ್ಕಿದ್ದು ಒಂದೇ ವಾಕ್ಯ. ಆದರೆ ಅದು ಬಂದ ಜಾಗ ನೋಡಿ. ಕೈ ಎತ್ತಿ ಆದ ಮೇಲೆ ವಿದ್ಯಾರ್ಥಿಗೆ ತನ್ನ ಊಹೆ ಸರಿಯಾ ಅನ್ನುವ ಕುತೂಹಲ ಹುಟ್ಟಿರುತ್ತದೆ. ಇದನ್ನು ಹೇಳಬಲ್ಲವರು ಯಾರು ಅಂತ ಅವನು ಹುಡುಕುವ ಹೊತ್ತಿಗೆ ನಿಮ್ಮ ಇಪ್ಪತ್ತು ವರ್ಷದ ಅನುಭವ ಅವನಿಗೆ ಬೇಕಾದ ಮಾಹಿತಿ ಆಗುತ್ತದೆ. ಅದೇ ವಾಕ್ಯ ಮೊದಲೇ ಬಂದಿದ್ದರೆ ಅವನಿಗೆ ಅದರಿಂದ ಏನೂ ಆಗಬೇಕಿರಲಿಲ್ಲ. ಹಾಲ್‌ನಲ್ಲಿ ಯಾರೂ ನಿಮ್ಮನ್ನು ಪರಿಚಯಿಸಿಲ್ಲ, ನೇರ ಕ್ಲಾಸಿಗೆ ಕಳಿಸಿದ್ದಾರೆ ಅಂದರೂ ಇದೇ ಕ್ರಮ ಇರಲಿ. ಆಗ ಈ ವಾಕ್ಯಕ್ಕೆ ನಿಮ್ಮ ಹೆಸರನ್ನು ಸೇರಿಸಿಕೊಳ್ಳಿ, ಹೆಸರನ್ನು ಬೋರ್ಡಿನ ಮೂಲೆಯಲ್ಲಿ ಬರೆಯಿರಿ.

ಪದವಿ ವಿದ್ಯಾರ್ಥಿಗಳನ್ನು 'ಮಕ್ಕಳೇ' ಅಂತ ಕರೆಯುವುದು ನನಗೆ ಇಷ್ಟವಿಲ್ಲ. ಪ್ರೀತಿಯಿಂದಲೇ ಕರೆಯುತ್ತಾರೆ, ಗೊತ್ತು. ಆದರೆ ಓದಿನ ಜೊತೆಗೆ ದುಡಿದು ಮನೆ ನಡೆಸುವವರು ಅವರಲ್ಲಿ ಇರುತ್ತಾರೆ, ಓಟು ಹಾಕಿದವರು ಇರುತ್ತಾರೆ. ಸಾಲದ ಬಗ್ಗೆ ಮಾತಾಡುವಾಗ ಅವರನ್ನು ಸಾಲಗಾರರಾಗಿ ನೋಡಿ, 'ನೀವು' ಅನ್ನಿ.

ಕೇಳಿದ ಮಾತ್ರಕ್ಕೆ ಕೆಲಸ ಆಗುತ್ತದಾ?

ಮೊದಲ ಕ್ಷಣಗಳ ಬಗ್ಗೆ ಒಂದು ಹೆಸರಾದ ಅಧ್ಯಯನ ಇದೆ. ಭಾರತದಲ್ಲಿ ಹುಟ್ಟಿ ಬೆಳೆದ ಮನೋವಿಜ್ಞಾನಿ ನಳಿನಿ ಅಂಬಾಡಿ ಮತ್ತು ರಾಬರ್ಟ್ ರೊಸೆಂಥಾಲ್ 1993ರಲ್ಲಿ ಪ್ರಕಟಿಸಿದ್ದು. ಹಾರ್ವರ್ಡ್‌ನಲ್ಲಿ ಪಾಠ ಮಾಡುತ್ತಿದ್ದವರ ವಿಡಿಯೋ ತುಣುಕುಗಳನ್ನು ಶಬ್ದವಿಲ್ಲದೆ, ಪ್ರತಿಯೊಬ್ಬರದೂ ಒಟ್ಟು ಅರ್ಧ ನಿಮಿಷ ಮಾತ್ರ, ಪರಿಚಯವೇ ಇಲ್ಲದವರಿಗೆ ತೋರಿಸಿದರು. ಅವರು ಕೊಟ್ಟ ಅಂಕಗಳು ಸೆಮಿಸ್ಟರ್ ಪೂರ್ತಿ ಪಾಠ ಕೇಳಿದ ವಿದ್ಯಾರ್ಥಿಗಳು ಕೊಟ್ಟ ಅಂಕಗಳಿಗೆ ಬಹಳ ಮಟ್ಟಿಗೆ ಹೊಂದಿದವು. ನಿಂತ ರೀತಿ, ಮುಖ, ಕೈಗಳ ಚಲನೆಯಿಂದಲೇ ಜನ ಅಭಿಪ್ರಾಯ ಮಾಡಿಕೊಂಡುಬಿಡುತ್ತಾರೆ ಅಂತ ಇದರಿಂದ ಗೊತ್ತಾಗುತ್ತದೆ. ಹಾಗಾಗಿ ಎರಡು ಹೆಜ್ಜೆ ಮುಂದೆ ಬರುವುದು, ಎಲ್ಲ ಕಡೆ ನೋಡುವುದು ಸುಮ್ಮನೆ ಹೇಳಿದ್ದಲ್ಲ.

ಆದರೆ ಆ ಅಧ್ಯಯನ ಅಳೆದದ್ದು ಮೆಚ್ಚುಗೆಯನ್ನು. ವಿದ್ಯಾರ್ಥಿಗಳು ಎಷ್ಟು ಕಲಿತರು ಅನ್ನುವುದನ್ನಲ್ಲ. ನಿಂತ ರೀತಿಯಿಂದ ಮೆಚ್ಚುಗೆ ಸಿಗಬಹುದು, ಕಲಿಕೆಗೆ ಬೇರೆ ಆಸರೆ ಬೇಕು. ಪ್ರಶ್ನೆಯ ಮೇಲೆ ನನಗೆ ನಂಬಿಕೆ ಇರುವುದು ಅದಕ್ಕೇ. ಪಾಠಕ್ಕೆ ಮೊದಲು ಉತ್ತರ ಊಹಿಸಿದವರು, ಊಹೆ ತಪ್ಪಾದರೂ, ಆಮೇಲೆ ಹೇಳಿದ ಸರಿ ಉತ್ತರವನ್ನು ಚೆನ್ನಾಗಿ ನೆನಪಿಡುತ್ತಾರೆ ಅಂತ ಕಲಿಕೆಯ ಪ್ರಯೋಗಗಳಲ್ಲಿ ಕಂಡಿದೆ. 10 ಅಂತ ಕೈ ಎತ್ತಿದವನಿಗೆ 18 ಮರೆಯುವುದಿಲ್ಲ.

ಗದ್ದಲ ಇದ್ದರೆ

ಸಾಮಾನ್ಯವಾಗಿ ಇರುತ್ತದೆ. ಆಗ ಅತಿಥಿಗಳು ಮಾಡುವುದು ಧ್ವನಿ ಏರಿಸುವುದು. ಅದರಿಂದ ಗದ್ದಲ ಹೆಚ್ಚುತ್ತದೆ. ಸುತ್ತ ಸದ್ದಿದ್ದಾಗ ಮನುಷ್ಯ ತನಗೆ ಗೊತ್ತಿಲ್ಲದೆಯೇ ಜೋರಾಗಿ ಮಾತಾಡುತ್ತಾನೆ. ಇದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದರು, ಅವರ ಹೆಸರಿನಲ್ಲೇ ಅದನ್ನು ಲೊಂಬಾರ್ಡ್ ಪರಿಣಾಮ ಅನ್ನುತ್ತಾರೆ. ಹಿಂದಿನ ಬೆಂಚಿನವರಿಗೂ ಅದೇ ಆಗುತ್ತದೆ. ಸ್ಪೀಕರ್‌ನಲ್ಲಿ ನೀವು ಜೋರಾದಷ್ಟೂ ಪಕ್ಕದವನಿಗೆ ಕೇಳಿಸಲಿ ಅಂತ ಅವರೂ ಜೋರಾಗುತ್ತಾರೆ.

ಅದಕ್ಕೆ ಸುಮ್ಮನೆ ನಿಲ್ಲಿ. ಐದು ಸೆಕೆಂಡ್ ಸಾಲದಿದ್ದರೆ ಹತ್ತಾಗಲಿ. ಮಾತು ಕಡಿಮೆಯಾಗುವ ಕ್ಷಣ ಬರುತ್ತದೆ, ಆಗ ಸಾಧಾರಣ ದನಿಯಲ್ಲಿ ಶುರು ಮಾಡಿ. ಹತ್ತು ಸೆಕೆಂಡಿಗೂ ಇಳಿಯದಿದ್ದರೆ ಏನೂ ಹೇಳದೆ ಬೋರ್ಡಿಗೆ ತಿರುಗಿ '10%? 18%? 24%?' ಅಂತ ಬರೆಯಿರಿ. ಬರೆಯುವ ಕೈಯನ್ನು ಜನ ನೋಡೇ ನೋಡುತ್ತಾರೆ. 'ಸೈಲೆನ್ಸ್ ಪ್ಲೀಸ್' ಅನ್ನುವ ಕೆಲಸ ನಿಮ್ಮದಲ್ಲ. ಬೇರೆ ಅಧ್ಯಾಪಕರು ಎದ್ದು ಗದರಿದರೂ ತೊಂದರೆಯೇ. ಹಾಲ್ ಸುಮ್ಮನಾಗುತ್ತದೆ, ಆದರೆ ಆಮೇಲೆ ಒಂದು ಕೈಯೂ ಮೇಲೆ ಬರುವುದಿಲ್ಲ. ನನ್ನ ಸಹೋದ್ಯೋಗಿಗಳಿಗೆ ಇದನ್ನು ಮೊದಲೇ ಹೇಳಿರುತ್ತೇನೆ. ನೀವೂ ಸಂಯೋಜಕರ ಮೂಲಕ ಹೇಳಿಸಿ.

ಯಾರೂ ಕೈ ಎತ್ತದಿದ್ದರೆ

ಹುಡುಗರು ಒಂದು ಕಡೆ, ಹುಡುಗಿಯರು ಒಂದು ಕಡೆ ಕೂತಿರುವ ಹಾಲ್‌ನಲ್ಲಿ ಮೊದಲ ಕೈ ಎತ್ತಲು ಸಂಕೋಚ ಇರುತ್ತದೆ. ಹತ್ತು ಕೈಗಿಂತ ಕಡಿಮೆ ಬಂದರೆ ಒತ್ತಾಯ ಮಾಡಬೇಡಿ, ಯಾರನ್ನೂ ಎಬ್ಬಿಸಿ ಕೇಳಬೇಡಿ. 'ನಿಮ್ಮ ಉತ್ತರ ಪಕ್ಕದವರಿಗೆ ಹೇಳಿ, ಹದಿನೈದು ಸೆಕೆಂಡ್' ಅನ್ನಿ. ಹಾಲ್ ತುಂಬಾ ಸದ್ದಾಗುತ್ತದೆ, ಅದು ನೀವೇ ಕೇಳಿದ ಸದ್ದು. ಆ ಮಾತು ಹೇಳುವ ಮೊದಲೇ 'ನಾನು ಕೈ ಎತ್ತಿದಾಗ ನಿಲ್ಲಿಸಿ' ಅಂತ ಹೇಳಿರಬೇಕು. ಮರೆತರೆ ವಾಪಸ್ ತರಲು ಒಂದು ನಿಮಿಷ ಹಿಡಿಯುತ್ತದೆ. ಆಮೇಲೆ ಮತ್ತೆ ಕೇಳಿ. ಪಕ್ಕದವರಿಗೆ ಒಂದು ಸಲ ಹೇಳಿದ ಉತ್ತರಕ್ಕೆ ಕೈ ಎತ್ತುವುದು ಸುಲಭ.

ಇನ್ನೊಂದು ಸಾಧ್ಯತೆ, ಒಬ್ಬರು 'ಮೇಡಂ, ಫ್ಲಾಟ್ ಅಂದ್ರೆ ಡಬಲ್ ಹತ್ತಿರ ಬರುತ್ತೆ, 18' ಅಂತ ಕೂಗಿ ಹೇಳಿಬಿಡುತ್ತಾರೆ. ಶೋರೂಮಿನಲ್ಲಿ ಪಾರ್ಟ್‌ಟೈಮ್ ಕೆಲಸ ಮಾಡುವವರು ಇರಬಹುದು. ಸರಿ ಅಂತಲೂ ತಪ್ಪು ಅಂತಲೂ ಹೇಳಬೇಡಿ. 'ಇವರು ಒಂದು ಕಾರಣ ಕೊಟ್ಟರು. ಲೆಕ್ಕದಲ್ಲಿ ಅದು ನಿಲ್ಲುತ್ತಾ ನೋಡೋಣ' ಅನ್ನಿ. ಊರಿನ ಹೆಸರೋ ಬೈಕಿನ ಹೆಸರೋ ಕೂಗಿ ನಗಿಸುವವರೂ ಇರುತ್ತಾರೆ. ನಕ್ಕು ಮುಂದೆ ಹೋಗಿ, ಉತ್ತರ ಕೊಡಲು ನಿಂತರೆ ಉಳಿದ ಐವರು ಶುರು ಮಾಡುತ್ತಾರೆ.

ಕರೆಂಟ್ ಹೋಗಿ ಮೈಕ್ ನಿಂತರೆ ಹಾಲ್‌ನ ನಡುವಿನ ದಾರಿಯಲ್ಲಿ ಅರ್ಧದವರೆಗೆ ನಡೆದುಕೊಂಡು ಬನ್ನಿ, ಅಲ್ಲಿಂದ ಪ್ರಶ್ನೆ ಕೇಳಿ. ಸ್ಲೈಡ್ ಇಲ್ಲದೆ ಮೊದಲ ನಿಮಿಷ ನಡೆಯುವಂತೆ ಯಾವಾಗಲೂ ತಯಾರಾಗಿರಬೇಕು. ಪ್ರೊಜೆಕ್ಟರ್ ಕೇಬಲ್ ಹುಡುಕುವುದರಲ್ಲೇ ಹಾಲ್ ಕಳೆದುಕೊಂಡವರನ್ನು ಬಹಳ ನೋಡಿದ್ದೇನೆ.

ಗಮನ ಸಿಕ್ಕಿದೆ ಅಂತ ತಿಳಿಯುವುದು ಹೇಗೆ?

ಮುಂದಿನ ಮೂರು ಸಾಲು ನೋಡಿ ನಿರ್ಧರಿಸಬೇಡಿ. ಅವರು ಯಾರು ಬಂದರೂ ತಲೆ ಆಡಿಸುತ್ತಾರೆ. ಬಾಗಿಲ ಹತ್ತಿರದ ಕೊನೆಯ ಬೆಂಚುಗಳನ್ನು ನೋಡಿ. ಕೈ ಎತ್ತಿ ಇಳಿಸಿದ ಮೇಲೆ ಅಲ್ಲಿಯವರು ಪಕ್ಕದವರ ಕಡೆ ತಿರುಗಿ 'ನೀನ್ಯಾಕೆ 24 ಅಂದೆ' ಅಂತ ಕೇಳುತ್ತಿದ್ದರೆ ಪ್ರಶ್ನೆ ತಲುಪಿದೆ. ಮೊಬೈಲ್ ಹೊರಗೆ ಬಂದರೆ ಗಾಬರಿ ಬೇಡ. ಪರದೆಯ ಮೇಲೆ ಬೆರಳು ಮೇಲೆ ಕೆಳಗೆ ಜಾರುತ್ತಿದ್ದರೆ ರೀಲ್ಸ್. ಒತ್ತಿ ಒತ್ತಿ ಮೇಲೆ ನೋಡುತ್ತಿದ್ದರೆ ಕ್ಯಾಲ್ಕುಲೇಟರ್. ಬೋರ್ಡಿನ ಅಂಕಿಗಳನ್ನು ಯಾರೂ ಹೇಳದೆ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರೆ ಅದಕ್ಕಿಂತ ಒಳ್ಳೆಯ ಗುರುತಿಲ್ಲ.

ಅಭ್ಯಾಸ

ಈ ನಿಮಿಷವನ್ನು ಬರೆದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಕೈ ಎತ್ತುವ ವಿರಾಮಗಳನ್ನೂ ಬಿಡದೆ ಸೇರಿಸಿ. ಹೆಚ್ಚಿನವರದು ಮೊದಲ ಸಲ ಒಂದೂವರೆ ನಿಮಿಷ ಬರುತ್ತದೆ. ಆಗ ವೇಗ ಹೆಚ್ಚಿಸಬೇಡಿ, ವಾಕ್ಯ ತೆಗೆಯಿರಿ. ಮೊದಲು ತೆಗೆಯಬೇಕಾದ್ದು ನಿಮ್ಮ ಬಗ್ಗೆ ಇರುವ ವಾಕ್ಯಗಳನ್ನು. ಪ್ರಶ್ನೆಯ ವಾಕ್ಯವನ್ನು ಮಾತ್ರ ಬಾಯಿಪಾಠ ಮಾಡಿ. ಅದು ತಡವರಿಸಿದರೆ ಅಂಕಿ ತಪ್ಪುತ್ತದೆ, ಅಂಕಿ ತಪ್ಪಿದರೆ ಎಲ್ಲ ಮುಗಿಯಿತು.

ಅರವತ್ತೊಂದನೇ ಸೆಕೆಂಡ್

ಉತ್ತರವನ್ನು ಕೊನೆಯವರೆಗೆ ಮುಚ್ಚಿಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಹತ್ತು ನಿಮಿಷ ಅಂತ ಹೇಳಿದ್ದೀರಿ, ಹತ್ತು ನಿಮಿಷದೊಳಗೆ ಕೊಡಿ. ಕೂಡಲೇ ಬೋರ್ಡಿಗೆ ಹೋಗಿ 3,611ನ್ನು ಎರಡು ತುಂಡು ಮಾಡಿ ಬರೆಯಿರಿ: ಅಸಲು 2,778, ಬಡ್ಡಿ 833. ಮೊದಲ ತಿಂಗಳು ಸಾಲಗಾರನ ಮೇಲೆ ಎಷ್ಟು ಸಾಲ ಇದೆ ಅಂತ ಕೇಳಿ. 1 ಲಕ್ಷ ಅನ್ನುತ್ತಾರೆ. ಲಕ್ಷಕ್ಕೆ ತಿಂಗಳಿಗೆ 833 ಬಡ್ಡಿ ಅಂದರೆ ವರ್ಷಕ್ಕೆ 10% ಸರಿಯಾಗಿಯೇ ಇದೆ. 19ನೇ ಕಂತಿನ ಹೊತ್ತಿಗೆ ಎಷ್ಟು ಉಳಿದಿದೆ? 50,000. ಬಡ್ಡಿ ಎಷ್ಟು? ಅದೇ 833. ಇಲ್ಲಿ ಹಾಲ್‌ನಲ್ಲಿ ಗುಸುಗುಸು ಶುರುವಾಗುತ್ತದೆ. ಕೊನೆಯ ತಿಂಗಳು ಎಷ್ಟು ಉಳಿದಿದೆ? 2,778. ಅದಕ್ಕೂ 833.

ಇನ್ನು 18%ಗೆ ಹೋಗುವ ದಾರಿಯನ್ನು ಅವರೇ ಕೇಳುತ್ತಾರೆ. ಆ ಸೂತ್ರವನ್ನು ಅವರ ಮೊಬೈಲ್‌ಗಳಲ್ಲೇ ಹಾಕಿಸಿ. ಅಲ್ಲಿಂದ ರಿಸರ್ವ್ ಬ್ಯಾಂಕಿನ ನಿಯಮಕ್ಕೆ ಬನ್ನಿ. 2024ರ ಅಕ್ಟೋಬರ್ 1ರಿಂದ ಹೊಸ ಚಿಲ್ಲರೆ ಸಾಲಗಳಿಗೆ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಕೊಡಬೇಕು. ಅದರಲ್ಲಿ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರ, ಅಂದರೆ ಎಪಿಆರ್, ಇರಲೇಬೇಕು. ಶುಲ್ಕ ಸೇರಿದರೆ ಅದು 18ನ್ನೂ ದಾಟಬಹುದು. ಮಾದರಿ ಹಾಳೆಯನ್ನು ಎರಡು ಬೆಂಚಿಗೆ ಒಂದರಂತೆ ಹಂಚಿ, ಆ ಸಾಲು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿ.